ಸಬ್ 15 ಅಡಿ ಅಂತ ತೋರಿಸಿದ್ರೆ ಮುಟ್ಟಬೇಡ

"ಮಾವ, ಹೋಮ್ ಥಿಯೇಟರ್ ರಿಸೀವರ್ ಜೊತೆ ಬಂದ ಮೈಕ್ ಇಟ್ಟು ಸೆಟ್ ಮಾಡಿದ್ವಿ. ಸಬ್ ವೂಫರ್ ಇರೋದು 10 ಅಡಿ ದೂರ, ಅದು 15 ಅಂತ ತೋರಿಸ್ತಿದೆ. ಟಿವಿಲಿ ಮಾತು ಸರಿಯಾಗಿ ಕೇಳಲ್ಲ, ಸೋಫಾ ಎಡಗಡೆ ಸ್ಪೀಕರ್ ಮಾತ್ರ ಕಿವಿಗೇ ಬಡಿಯುತ್ತೆ. ಎಲ್ಲಾ ಕೈಯಲ್ಲೇ ಹಾಕೋದು ಹೇಗೆ?"

ಕೇಳಪ್ಪ, ಸ್ವಲ್ಪ ಉದ್ದ ಆಗುತ್ತೆ. ಅಳತೆ ಟೇಪ್ ಕೈಲಿ ಇಟ್ಕೊಂಡು ಕೇಳು.

ಮೊದಲು ಆ 15 ಅಡಿ. ಅದು ತಪ್ಪಲ್ಲ, 10ಕ್ಕೆ ಇಳಿಸೋಕೆ ಹೋಗ್ಬೇಡ. ಮೈಕ್ ಹತ್ರ ಟೇಪ್ ಇಲ್ಲ. ಸದ್ದು ಹೊರಟು ಬಂದು ಮುಟ್ಟೋಕೆ ಎಷ್ಟು ಹೊತ್ತು ಆಯ್ತು ಅಂತ ನೋಡಿ, ಅದನ್ನೇ ಅಡಿ ಲೆಕ್ಕದಲ್ಲಿ ಹೇಳುತ್ತೆ. ಸದ್ದು ಒಂದು ಅಡಿ ದಾಟೋಕೆ ಸುಮಾರು 0.9 ಮಿಲಿಸೆಕೆಂಡ್ ಬೇಕು. ಸಬ್ ಒಳಗೆ ಅದರದ್ದೇ ಆಂಪ್ಲಿಫೈಯರ್, ಫಿಲ್ಟರ್ ಇರುತ್ತಲ್ಲ, ಅಲ್ಲೇ ನಾಲ್ಕೈದು ಮಿಲಿಸೆಕೆಂಡ್ ತಡ ಆಗುತ್ತೆ. ನೀನು ನೋಡ್ತಿರೋ ಹೆಚ್ಚಿನ ಐದು ಅಡಿ ಅದೇ. ಆ ಫಿಲ್ಟರಿಗೆ ಸಬ್ ಹಿಂದೆ ಕ್ರಾಸ್‌ಓವರ್ ಅಂತ ಒಂದು ನಾಬ್ ಇರುತ್ತೆ, ಅದನ್ನ ಪೂರ್ತಿ ಬಲಕ್ಕೆ ತಿರುಗಿಸು. ಎಲ್‌ಎಫ್‌ಇ ಅಂತ ಸ್ವಿಚ್ ಇದ್ರೆ ಅದನ್ನ ಹಾಕು. ಆಮೇಲೆ ಇನ್ನೊಂದು ಸಲ ಮೈಕ್ ಓಡಿಸು. ನಂಬರ್ ಸ್ವಲ್ಪ ಇಳೀಬಹುದು. ಎಷ್ಟು ಬರುತ್ತೋ ಅಷ್ಟೇ ಇರಲಿ.

ಮೈಕ್ ಓಡಿಸುವಾಗ ಫ್ಯಾನ್ ಆಫ್ ಮಾಡು, ಗಾಳಿ ಮೈಕಿಗೆ ಹೊಡೆದ್ರೆ ಅಳತೆ ಹಾಳಾಗುತ್ತೆ. ಮೈಕನ್ನ ಸೋಫಾದ ಒರಗೋ ದಿಂಬಿನ ಮೇಲೆ ಮಲಗಿಸಬೇಡ. ಮೊಬೈಲ್ ಟ್ರೈಪಾಡೋ, ಸ್ಟೂಲ್ ಮೇಲೆ ನಾಲ್ಕು ಪುಸ್ತಕವೋ ಇಟ್ಟು, ಕೂತಾಗ ನಿನ್ನ ಕಿವಿ ಎಲ್ಲಿರುತ್ತೋ ಅಷ್ಟು ಎತ್ತರಕ್ಕೆ ನಿಲ್ಲಿಸು.

ಈಗ ಟೇಪ್. ಕೂರೋ ಜಾಗದಲ್ಲಿ ತಲೆ ಇರೋ ಕಡೆಯಿಂದ ಪ್ರತಿ ಸ್ಪೀಕರಿನ ಚಿಕ್ಕ ಗುಮ್ಮಟದವರೆಗೆ, ಅಂದ್ರೆ ಟ್ವೀಟರ್‌ವರೆಗೆ, ನೇರವಾಗಿ ಅಳಿ. ನೆಲದ ಮೇಲೆ ಅಳೀಬೇಡ. ಉದಾಹರಣೆಗೆ ಹೀಗೆ ಬಂತು ಅನ್ಕೋ: ಮುಂದಿನ ಎಡ 9 ಅಡಿ, ಬಲ 8.5, ಸೆಂಟರ್ 8, ಸೋಫಾ ಎಡಗಡೆದು 4, ಬಲಗಡೆದು 6. ಮೆನುಲಿ Manual Setup ಒಳಗೆ Distances ಅಂತ ಇರುತ್ತೆ, ಅಲ್ಲಿ ಹಾಕು. ಹಾಕೋ ಮುಂಚೆ ಅಡಿನೋ ಮೀಟರೋ ನೋಡ್ಕೋ. ಮೀಟರ್ ಅಂತ ಇರೋ ಕಡೆ ಅಡಿ ನಂಬರ್ ಹಾಕಿದ್ರೆ ವ್ಯತ್ಯಾಸ ಮೂರು ಪಟ್ಟು ಹಿಗ್ಗಿ ಎಲ್ಲಾ ಎಡವಟ್ಟಾಗುತ್ತೆ.

ರಿಸೀವರ್ ಇಲ್ಲಿ ಮಾಡೋದು ಇಷ್ಟೇ: ಹತ್ತಿರ ಇರೋದನ್ನ ತಡೆದು ನಿಲ್ಲಿಸಿ, ದೂರದ್ದು ಬಂದು ಸೇರೋವರೆಗೆ ಕಾಯಿಸುತ್ತೆ. ಹಂಗಾಗಿ ಲೆಕ್ಕಕ್ಕೆ ಬರೋದು ವ್ಯತ್ಯಾಸ ಮಾತ್ರ. ಸಬ್ ಸೇರಿಸಿ ಎಲ್ಲಕ್ಕೂ ಒಂದೊಂದು ಅಡಿ ಜಾಸ್ತಿ ಹಾಕಿದ್ರೂ ಏನೂ ಬದಲಾಗಲ್ಲ. ನಿನ್ನ ಎಡಗಡೆ ಸ್ಪೀಕರನ್ನ ಮುಂದಿನ ಎಡಕ್ಕಿಂತ ನಾಲ್ಕೂವರೆ ಮಿಲಿಸೆಕೆಂಡ್ ಹೆಚ್ಚು ಕಾಯಿಸಬೇಕು. ಅದಕ್ಕೂ 9 ಅಂತ ಹಾಕಿಟ್ರೆ ಅದರ ಸದ್ದೇ ಮೊದಲು ಬರುತ್ತೆ, ಮೊದಲು ಬಂದ ಕಡೆಯಿಂದಲೇ ಸದ್ದು ಬಂತು ಅಂತ ಕಿವಿ ತೀರ್ಮಾನ ಮಾಡಿಬಿಡುತ್ತೆ. ಪರದೆ ಮುಂದೆ ಇದ್ರೂ ಗಮನ ಪಕ್ಕಕ್ಕೆ ಓಡೋದು ಅದಕ್ಕೇ. ಸದ್ದು ಜೋರು ಮಾಡೋಕೆ, ಕಮ್ಮಿ ಮಾಡೋಕೆ ಅಂತ ಡಿಸ್ಟೆನ್ಸ್ ತಿರುವೋರು ಬೇಕಾದಷ್ಟು ಜನ ಇದಾರೆ. ಆ ಕೆಲಸ ಲೆವೆಲ್‌ದು.

ಲೆವೆಲ್‌ಗೆ ಫೋನಲ್ಲಿ ಒಂದು ಸೌಂಡ್ ಮೀಟರ್ ಆಪ್ ಹಾಕ್ಕೋ. ಅದರಲ್ಲಿ C, Slow ಅಂತ ಎರಡು ಆಯ್ಕೆ ಇದ್ರೆ ಆನ್ ಮಾಡು. ಫೋನನ್ನ ಮೇಲ್ಮುಖ ಮಾಡಿ, ಕಿವಿ ಇರೋ ಜಾಗದಲ್ಲಿ, ಮೈಯಿಂದ ಕೈ ಚಾಚಿ ಹಿಡಿ. Levels ಮೆನುಲಿ ಟೆಸ್ಟ್ ಟೋನ್ ಶುರು ಮಾಡಿದ್ರೆ ಒಂದೊಂದೇ ಸ್ಪೀಕರಲ್ಲಿ ಶ್‌ಶ್ ಅಂತ ಬರುತ್ತೆ. ಗುರಿ 75 ಡೆಸಿಬಲ್. ಫೋನ್ ತೋರಿಸೋ 75 ನಿಜವಾದ 75 ಆಗಿರಬೇಕಿಲ್ಲ, ಪರವಾಗಿಲ್ಲ, ಎಲ್ಲಾ ಒಂದೇ ನಂಬರಿಗೆ ಬಂದ್ರೆ ಸಾಕು. ಎಡ 74 ಬಂದ್ರೆ +1, ಬಲ 74.5 ಬಂದ್ರೆ +0.5, ಸೆಂಟರ್ 73 ಬಂದ್ರೆ +2. ಸೋಫಾ ಎಡಗಡೆದು ಹತ್ತಿರ ಇರೋದ್ರಿಂದ 79 ಹತ್ರ ಬರುತ್ತೆ, ಅದಕ್ಕೆ −4. ಬಲಗಡೆ 76 ಬಂದ್ರೆ −1. ಇಷ್ಟು ಮಾಡಿದ್ರೆ ಕಿವಿಗೆ ಬಡಿಯೋದು ನಿಲ್ಲಬೇಕು.

ಸಬ್ ಮಾತ್ರ ಫೋನಿಗೆ ಸರಿಯಾಗಿ ಸಿಗಲ್ಲ, ಅದರ ಮೈಕಿಗೆ ತಳದ ಸದ್ದು ಅರ್ಧಂಬರ್ಧ ಕೇಳೋದು. ಫೋನ್ ನಂಬಿ ಏರಿಸಿದ್ರೆ ಪಕ್ಕದ ಮನೆಯವರು ಬಾಗಿಲು ತಟ್ತಾರೆ. ಅಲ್ಲಿ ರಿಸೀವರ್ ಮೈಕ್ ಹೇಳಿದ್ದನ್ನೇ ಇಟ್ಕೋ. ಒಂದು ನೋಡು: ಸಬ್ ಲೆವೆಲ್ −12 ಅಂತ ತೋರಿಸಿದ್ರೆ ಅದು ಅಳತೆ ಅಲ್ಲ. ಹೆಚ್ಚಿನ ರಿಸೀವರಲ್ಲಿ ಅಲ್ಲಿಗೇ ಕೊನೆ, ಅದಕ್ಕಿಂತ ಕೆಳಗೆ ಇಳಿಸೋಕೆ ಜಾಗ ಇಲ್ಲ. ಸಬ್ ಹಿಂದಿನ ವಾಲ್ಯೂಮ್ ನಾಬನ್ನ ಸ್ವಲ್ಪ ಎಡಕ್ಕೆ ತಿರುಗಿಸಿ ಮತ್ತೆ ಮೈಕ್ ಓಡಿಸು, 0ಗೂ −6ಗೂ ನಡುವೆ ಎಲ್ಲಾದ್ರೂ ನಿಲ್ಲೋ ಹಾಗೆ.

ಸಬ್ ಡಿಸ್ಟೆನ್ಸ್ ಮೇಲೆ ಇನ್ನೂ ಅನುಮಾನ ಇದ್ರೆ ಕಿವಿಯಲ್ಲೇ ಪರೀಕ್ಷೆ ಮಾಡಬಹುದು. ರಿಸೀವರ್ ಮೆನುಲಿ ಮುಂದಿನ ಸ್ಪೀಕರ್‌ಗಳು Small, ಕ್ರಾಸ್‌ಓವರ್ 80 ಹರ್ಟ್ಸ್ ಇರಲಿ. ರಿಸೀವರ್ ಸ್ಟಿರಿಯೋ ಮೋಡಲ್ಲಿ ಇಟ್ಟು, ಯೂಟ್ಯೂಬಿಂದ 80 ಹರ್ಟ್ಸ್ ಟೋನ್ ಮೆತ್ತಗೆ ಹಾಕು. ನೀನು ಸೋಫಾದಲ್ಲಿ ಅಲ್ಲಾಡದೆ ಕೂತಿರು, ಸಬ್ ಡಿಸ್ಟೆನ್ಸನ್ನ 15ರಿಂದ ಒಂದೊಂದೇ ಅಡಿ ಆಚೆ ಈಚೆ ಮಾಡು. ಎಲ್ಲಿ ಅತಿ ಜೋರಾಗಿ ಕೇಳುತ್ತೋ ಅಲ್ಲಿ ಸಬ್ಬೂ ಮುಂದಿನ ಸ್ಪೀಕರೂ ಒಂದಕ್ಕೊಂದು ಕೂಡ್ತಿವೆ ಅಂತ. ಗುಂಯ್ ಅಂತ ಇದ್ದದ್ದು ಒಂದು ಕಡೆ ಸೊರಗಿಹೋದ ಹಾಗೆ ಕೇಳುತ್ತೆ, ಅಲ್ಲಿ ಎರಡೂ ಹೊಡೆದಾಡ್ತಿವೆ. ಮೂರ್ನಾಲ್ಕು ಅಡಿಗಿಂತ ಆಚೆ ಹೋಗಬೇಡ. 80 ಹರ್ಟ್ಸ್‌ದು ಒಂದು ಅಲೆ ಸುಮಾರು 14 ಅಡಿ ಉದ್ದ, ತುಂಬಾ ದೂರ ಹೋದ್ರೆ ತಪ್ಪು ಅಲೆ ಮೇಲೆ ಕೂತಿರ್ತೀಯ.

ಇನ್ನು ಮಾತು ಕೇಳದೇ ಇರೋದು. ಇದು ಸ್ಪೀಕರ್ ಸೆಟ್ಟಿಂಗೇ ಅಲ್ಲದಿರಬಹುದು. ಟೆಸ್ಟ್ ಟೋನ್ ಸೆಂಟರಲ್ಲಿ ಚೆನ್ನಾಗಿ ಬಂದು, ಟಿವಿಯಿಂದ ಸಿನಿಮಾ ಹಾಕಿದಾಗ ಸೆಂಟರ್ ಸುಮ್ಮನಿದ್ರೆ, ರಿಸೀವರ್ ಇನ್ನೂ ಸ್ಟಿರಿಯೋ ಮೋಡಲ್ಲೇ ಇದೆಯಾ ನೋಡು; ಅದಲ್ಲಾಂದ್ರೆ ಟಿವಿ ಎರಡೇ ಚಾನೆಲ್ ಕಳಿಸ್ತಿರಬಹುದು. ಟಿವಿಯ ಸೌಂಡ್ ಮೆನುಲಿ ಡಿಜಿಟಲ್ ಔಟ್‌ಪುಟ್ PCM ಅಂತ ಇರುತ್ತೆ, ಅದನ್ನ Auto ಅಥವಾ Pass Through ಮಾಡು. ಟಿವಿಯ ಸ್ವಂತ ಸ್ಪೀಕರ್ ಆಫ್ ಇದೆಯಾ ನೋಡು, ಇಲ್ಲಾಂದ್ರೆ ಒಂದೇ ಮಾತು ಎರಡು ಸಲ ಬಂದು ಕಲಸಿಹೋಗುತ್ತೆ. ರಿಸೀವರ್ ಮುಂದೆ Multi Ch Stereo ಅಂತ ಬರೆದಿದ್ರೆ ಮುಂದಿನ ಸದ್ದೇ ಐದೂ ಸ್ಪೀಕರಲ್ಲಿ ಬರ್ತಿದೆ ಅಂತ ಅರ್ಥ, ನಿನ್ನ ಎಡಗಿವಿ ಬಡಿತಕ್ಕೆ ಅದೂ ಕಾರಣ ಇರಬಹುದು. ಇಷ್ಟಾದ ಮೇಲೂ ಮಾತು ಮಂಕು ಅನ್ನಿಸಿದ್ರೆ ಸೆಂಟರಿಗೆ ಇನ್ನೊಂದು ಡೆಸಿಬಲ್, ಹೆಚ್ಚಂದ್ರೆ ಎರಡು ಏರಿಸು, ತಪ್ಪೇನಿಲ್ಲ.

ತುಟಿ ಒಂದು ಕಡೆ ಮಾತು ಒಂದು ಕಡೆ ಆದ್ರೆ ಅದಕ್ಕೆ Audio Delay ಅಂತ ಬೇರೆ ಜಾಗ ಇದೆ. ಅದಕ್ಕೆ ಡಿಸ್ಟೆನ್ಸ್ ಮುಟ್ಟಬೇಡ, ಹತ್ತು ಅಡಿ ಸರಿಸಿದ್ರೂ ಸಿಗೋದು 9 ಮಿಲಿಸೆಕೆಂಡ್, ಕಣ್ಣಿಗೆ ಗೊತ್ತೂ ಆಗಲ್ಲ. ಮೊದಲು ಸಬ್ ಹಿಂದಿನ ಕ್ರಾಸ್‌ಓವರ್ ನಾಬ್ ತಿರುಗಿಸಿ ಮೈಕ್ ಓಡಿಸು, ಹೊಸ ನಂಬರ್‌ಗಳ ಫೋಟೋ ಇಲ್ಲೇ ಹಾಕು.