ಎಚ್‌ಮ್ಯಾಕ್ ಸಿಗ್ನೇಚರ್: ಹೆಕ್ಸಾ, ಬೇಸ್64ಆ? ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮ ಆರ್ಡರ್ ಎಪಿಐಗೆ ಎಚ್‌ಮ್ಯಾಕ್ ಎಸ್‌ಎಚ್‌ಎ256 ಸಿಗ್ನೇಚರ್ ಹಾಕಬೇಕು. ಕೆನಾನಿಕಲ್ ಸ್ಟ್ರಿಂಗ್ ಹೇಗೆ ಕಟ್ಟಿದ್ರಿ? ಔಟ್‌ಪುಟ್ ಹೆಕ್ಸ್ ಇಟ್ರಾ, ಬೇಸ್64 ಇಟ್ರಾ? ಪಾರ್ಟ್‌ನರ್‌ಗಳು ಜಾವಾ, ಪೈಥಾನ್, ಪಿಎಚ್‌ಪಿ ಎಲ್ಲದರಲ್ಲೂ ಬರೆಯುತ್ತಾರೆ.

ಮಲೆನಾಡಿಗ: ಹೆಕ್ಸ್. ಆದರೆ ನನ್ನ ಒಂಬತ್ತು ದಿನ ತಿಂದಿದ್ದು ಅದಲ್ಲ, ಕೊಪ್ಪ. ಊರಿನ ಹೆಸರು ಕ್ವೆರಿಯಲ್ಲಿ ಹೋಗುತ್ತಿತ್ತು. ಹಾಸನ ಪಾಸ್, ಸಾಗರ ಪಾಸ್. ಕೊಪ್ಪ ಫೇಲ್, ಶಿವಮೊಗ್ಗ ಫೇಲ್. ಎರಡು ಶನಿವಾರ, ಒಂದು ಹಬ್ಬ ಹೋಯಿತು. ಸರ್ವರ್ ಲಾಗ್ ಮತ್ತು ಆ್ಯಪ್ ಲಾಗ್ ಪಕ್ಕಪಕ್ಕ ಇಟ್ಟರೆ ಅಕ್ಷರ ಒಂದೇ ಥರ ಕಾಣುತ್ತಿತ್ತು. ಕೊನೆಗೆ ಎನ್‌ಕೋಡ್ ಆದ ರೂಪ ನೋಡಿದೆ:

```
town=%E0%B2%95%E0%B3%8A%E0%B2%AA%E0%B3%8D%E0%B2%AA
town=%E0%B2%95%E0%B3%86%E0%B3%82%E0%B2%AA%E0%B3%8D%E0%B2%AA
```

ಎರಡೂ ಕೊಪ್ಪವೇ. ಮೊದಲನೆಯದರಲ್ಲಿ ‘ೊ’ ಒಂದೇ ಚಿಹ್ನೆ. ಎರಡನೆಯದರಲ್ಲಿ ‘ೆ’ ಮತ್ತು ‘ೂ’ ಸೇರಿ ಅದೇ ಆಗಿದೆ. ಊರುಗಳ ಫೈಲ್‌ನಲ್ಲಿ ಬಿಡಿಸಿದ ರೂಪ ಇತ್ತು. ನಮ್ಮವನೇ ಬರೆದ ಹೆಲ್ಪರ್ ಕಳಿಸುವ ಮುಂಚೆ ಅದನ್ನು ಜೋಡಿಸುತ್ತಿತ್ತು, ಅದೂ ಸೈನ್ ಆದಮೇಲೆ! ಈಗ ಕ್ವೆರಿಯನ್ನು ಒಂದೇ ಸಲ ಕಟ್ಟಿ, ಅದನ್ನೇ ಸೈನ್ ಮಾಡಿ, ಅದನ್ನೇ ಕಳಿಸುತ್ತೇವೆ.

ಪುಟ್ಟಸ್ವಾಮಿ_ಎಪಿಐ: ಅದು ನಿಮ್ಮ ಹೆಲ್ಪರ್ ತಪ್ಪು. ಅದಕ್ಕೂ ಹೆಕ್ಸ್‌ಗೂ ಏನು ಸಂಬಂಧ? ನಾನು ಬೇಸ್64 ಇಟ್ಟೆ. 44 ಅಕ್ಷರ, ಹೆಕ್ಸ್‌ಗೆ 64. ಹೆಡರ್‌ನಲ್ಲಿ ಕಳಿಸುತ್ತೇನೆ, ಮೂರು ವರ್ಷದಿಂದ ಒಂದು ದೂರು ಇಲ್ಲ.

ಮಲೆನಾಡಿಗ: 20 ಅಕ್ಷರ ಉಳಿಸಿ ಯಾವ ಮನೆ ಕಟ್ಟಿದ್ರಿ ಸ್ವಾಮಿ?

ಹೊಸಬ_ಡೆವ್: ನನಗೆ ಗೊತ್ತಿದ್ದ ಹಾಗೆ ಬೇಸ್64 ಜಾಸ್ತಿ ಸೇಫ್, ಯಾರಿಗೂ ಓದಲು ಬರಲ್ಲ. ಅದೂ ಅಲ್ಲದೆ ಪಾಸ್‌ವರ್ಡ್‌ಗೆ ಎಸ್‌ಎಚ್‌ಎ256 ಬೇಡ, ಬಿಕ್ರಿಪ್ಟ್ ಬಳಸಿ.

ಪುಟ್ಟಸ್ವಾಮಿ_ಎಪಿಐ: ಪಾಸ್‌ವರ್ಡ್ ಮಾತು ಯಾರು ಎತ್ತಿದರಪ್ಪಾ?

ರಾತ್ರಿಪಾಳಿ: ಹೊಸಬರೇ, ಎರಡೂ ಅದೇ 32 ಬೈಟ್. ಬರೆಯುವ ರೀತಿ ಬೇರೆ, ಅಷ್ಟೇ. ಸೇಫ್ಟಿ ಒಂದೇ.

ಪುಟ್ಟಸ್ವಾಮಿಯವರ ದೂರಿಲ್ಲದ ಬೇಸ್64 ಹೆಡರ್‌ನಲ್ಲಿ ಇರುವುದರಿಂದ ಬಚಾವ್. ನಾನು ಡೌನ್‌ಲೋಡ್ ಲಿಂಕ್‌ಗೆ ಕ್ವೆರಿಯಲ್ಲಿ ಹಾಕಿದ್ದೆ. ಎರಡರಲ್ಲಿ ಒಂದು ಲಿಂಕ್ ಸತ್ತೇ ಹೋಗುತ್ತಿತ್ತು. ಲೋಡ್ ಬ್ಯಾಲೆನ್ಸರ್ ಬದಲಾಯಿಸಿದೆ, ಗಡಿಯಾರ ಸರಿ ಮಾಡಿದೆ, ಕೀ ಹೊಸದು ಮಾಡಿದೆ. ಕಾರಣ `+`. ಸರ್ವರ್ ಅದನ್ನು ಸ್ಪೇಸ್ ಅಂತ ಓದುತ್ತದೆ. 44 ಅಕ್ಷರದಲ್ಲಿ ಒಂದಾದರೂ `+` ಬರುವ ಸಂಭವ ಸುಮಾರು ಅರ್ಧ. ಹಾಗಾಗಿ ಲೆಕ್ಕ ಹಾಕಿದ ಹಾಗೆ ಅರ್ಧ ಕೆಡುತ್ತಿತ್ತು. `-` ಮತ್ತು `_` ಬಳಸುವ ಯುಆರ್‌ಎಲ್ ಬಗೆಗೆ ಬದಲಾಯಿಸಿದೆ. ಆಗ ಒಬ್ಬ ಪಾರ್ಟ್‌ನರ್ ಕೊನೆಯ `=` ಬಿಟ್ಟ, ಇನ್ನೊಬ್ಬ ಇಟ್ಟ. ಆಮೇಲೆ ಹೆಕ್ಸ್‌ಗೇ ಬಂದೆ.

ಇನ್ನೊಂದು: ಸಿಗ್ನೇಚರ್ 88 ಅಕ್ಷರ ಬಂದರೆ ಆ ಕಡೆಯವರು ಹೆಕ್ಸ್ ಪಠ್ಯವನ್ನೇ ಬೇಸ್64 ಮಾಡಿದ್ದಾರೆ ಅಂತ ಅರ್ಥ. ಉದ್ದ ಎಣಿಸಿದರೆ ಸಾಕು. ಶೆಲ್‌ನಲ್ಲಿ ಪರೀಕ್ಷೆ ಮಾಡುವಾಗ ಹೀಗೆ:

```
printf '%s' "$STR" | openssl dgst -sha256 -hmac "$KEY"
printf '%s' "$STR" | openssl dgst -sha256 -hmac "$KEY" -binary | base64
```

ಸುಮ್ನೆ `echo` ಹಾಕಿದರೆ ಕೊನೆಗೆ ಒಂದು ಹೊಸ ಸಾಲು ಸೇರಿ ಉತ್ತರವೇ ಬೇರೆ ಬರುತ್ತದೆ. ಅದಕ್ಕೇ ಒಂದು ರಾತ್ರಿ ಹೋಗಿದೆ.

ಸ್ಟ್ರಿಂಗ್‌ನಲ್ಲಿ ನಾನು ಇಟ್ಟಿದ್ದು ಮೆಥಡ್, ಪಾತ್, ಕ್ವೆರಿ, ಟೈಮ್‌ಸ್ಟಾಂಪ್, ಬಾಡಿಯ ಹ್ಯಾಶ್. ನಡುವೆ ಹೊಸ ಸಾಲು. ಬಾಡಿ ಮಾತ್ರ ಬಂದ ಬೈಟ್‌ಗಳ ಮೇಲೆಯೇ. ಜೇಸನ್ ಬಿಚ್ಚಿ ಮತ್ತೆ ಕಟ್ಟಿದರೆ ಕೆಟ್ಟಿತು. ಪೈಥಾನಿನ `json.dumps` ಸುಮ್ಮನೆ ಬಿಟ್ಟರೆ ಕೋಲನ್, ಅಲ್ಪವಿರಾಮದ ನಂತರ ಸ್ಪೇಸ್ ಹಾಕುತ್ತದೆ, ಕನ್ನಡವನ್ನು `\u0c95` ಮಾಡುತ್ತದೆ. ಜಾವಾಸ್ಕ್ರಿಪ್ಟ್‌ನ `JSON.stringify` ಎರಡನ್ನೂ ಮಾಡಲ್ಲ.

ಪುಟ್ಟಸ್ವಾಮಿ_ಎಪಿಐ: ನಡುವೆ ಹೊಸ ಸಾಲು ಯಾಕೆ? ನಾನು ಎಲ್ಲ ಒಟ್ಟಿಗೆ ಅಂಟಿಸಿದ್ದೇನೆ, ನಡೆಯುತ್ತಿದೆ.

ರಾತ್ರಿಪಾಳಿ: ನಡೆಯುತ್ತದೆ, ಯಾರೂ ಕೈ ಹಾಕದವರೆಗೆ. `user=1` ಮುಂದೆ `23` ಅಂಟಿಸಿ, `user=12` ಮುಂದೆ `3` ಅಂಟಿಸಿ. ಸ್ಟ್ರಿಂಗ್ ಒಂದೇ, ಸಿಗ್ನೇಚರ್ ಒಂದೇ, ಆದರೆ ಬಳಕೆದಾರ ಬೇರೆ.

ಪುಟ್ಟಸ್ವಾಮಿ_ಎಪಿಐ: ನನ್ನ ಎಪಿಐನಲ್ಲಿ ಹಾಗೆ ಅಂಟಿಕೊಳ್ಳುವ ಫೀಲ್ಡ್ ಇಲ್ಲ.

ಮಲೆನಾಡಿಗ: ನನ್ನ ಹೆಲ್ಪರ್ ಬಗ್ಗೆ ನಾನೂ ಇದೇ ಹೇಳ್ತಿದ್ದೆ.

ಕೇಳಿದವರು: ಹೆಕ್ಸ್ ಅಂದ್ರೆ ದೊಡ್ಡ ಅಕ್ಷರಾನಾ, ಚಿಕ್ಕದಾ? ಒಬ್ಬ ಪಾರ್ಟ್‌ನರ್ ಆಗಲೇ ಎಲ್ಲ ದೊಡ್ಡದರಲ್ಲಿ ಕಳಿಸಿದ್ದಾರೆ.

ರಾತ್ರಿಪಾಳಿ: ಚಿಕ್ಕದು ಅಂತ ದಾಖಲೆಯಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಎರಡನ್ನೂ ಬೈಟ್ ಮಾಡಿ ಹೋಲಿಸಿ. ಪರ್ಸೆಂಟ್ ಎನ್‌ಕೋಡಿಂಗ್‌ನಲ್ಲಿ ಮಾತ್ರ ದೊಡ್ಡದು: `%E0`, `%e0` ಅಲ್ಲ.

ಪುಟ್ಟಸ್ವಾಮಿ_ಎಪಿಐ: ನೋಡಿ, ಬೇಸ್64 ಆಗಿದ್ದರೆ ಈ ತಲೆನೋವೇ ಇರ್ತಿರಲಿಲ್ಲ.

ಮಲೆನಾಡಿಗ: ಶುರುವಾಯ್ತು ಮತ್ತೆ.