ಪಾಲುದಾರನ ಸಾಲದ ಬಡ್ಡಿ: ಎರಡೂ ವಾಕ್ಯ ಸರಿ ಅವ, ಆದ್ರೂ ಕೀಯಾಗ ಬಿ ಅಂತ ಯಾಕ ಅದ?

ಗುಮ್ಮಟದ_ಸದ್ದು (ವಿಜಯಪುರ)
ತಲಿ ಕೆಟ್ಟು ಹೋಗ್ಯದ್ರಿ. ಪ್ರತಿಪಾದನೆ-ಕಾರಣ ಪ್ರಶ್ನೆ, ಪಾಲುದಾರನ ಸಾಲದ ಬಡ್ಡೀದು. ಎರಡೂ ವಾಕ್ಯ ಸರಿ ಅವ, ಎರಡೂ ಅದೇ ಬಡ್ಡಿ ಬಗ್ಗೆನೇ ಅವ. ನಾನು ಎ ಹಾಕೀನಿ, ಕೀಯಾಗ ಬಿ ಅಂತ ಅದ. ಇಂಥಾವ ಎಲ್ಲಾ ಪ್ರಶ್ನೆಯಾಗೂ ಹಿಂಗೇ ಮಾರ್ಕ್ಸ್ ಹೋಗಾಕತ್ತಾವ. ಕೀ ತಪ್ಪ ಅದ ಅಂತೀನಿ, ಯಾರರ ಹೌದು ಅನ್ರಿ.

ಘಟಪ್ರಭಾ_ಲೆಜರ್ (ಗೋಕಾಕ)
ಡೀಡ್, ಅಂದ್ರ ಪಾಲುದಾರಿಕೆ ಒಪ್ಪಂದ ಪತ್ರ, ನೋಡ್ರಿ ಮೊದಲ. ಶೇ 6 ಬರೂದು ಡೀಡ್ ಸುಮ್ಮನಿದ್ರ ಮಾತ್ರ. ಪ್ರತಿಪಾದನೆಯಾಗ ಡೀಡ್ ಇಲ್ಲ ಅಂತ ಹೇಳಿಲ್ಲಂದ್ರ ಅಲ್ಲೇ ಗುಂಡಿ ತೋಡಿರ್ತಾರ.

ಇಳಕಲ್_ಖಾತೆ (ಬಾಗಲಕೋಟೆ)
ಪ್ರಶ್ನೆ ಇದ್ದಂಗ ಹಾಕ್ರಿ, ಒಂದು ಅಕ್ಷರ ಬಿಡಬ್ಯಾಡ್ರಿ. ಇಂಥಾ ಪ್ರಶ್ನೆಯೊಳಗ "ಆದರೂ", "ಮಾತ್ರ", "ಹಳೆಯ" ಇಂಥಾ ಒಂದು ಪದದ ಮ್ಯಾಲೆ ಉತ್ತರ ನಿಂತಿರ್ತೈತಿ. ಮತ್ತ ಎ ಅಂದ್ರ ಯಾವ ಎ? ಪ್ರತಿಪಾದನೆಗೂ ಎ ಅಂತಾರ, ಮೊದಲನೇ ಆಯ್ಕೆಗೂ ಎ ಅಂತಾರ. ಆಯ್ಕೆಗಳನ್ನೂ ಬರೀರಿ, ಒಂದೊಂದು ಪತ್ರಿಕೆಯಾಗ ಅವುಗಳ ಕ್ರಮ ಬ್ಯಾರೆ ಇರ್ತೈತಿ.

ಗುಮ್ಮಟದ_ಸದ್ದು
ಎಲ್ಲಾರಿಗೂ ಗೊತ್ತಿರ್ತದ ಅಂತ ಬಿಟ್ಟಿದ್ದೆ. ತಗೋರಿ:

ಪ್ರತಿಪಾದನೆ: ಸಂಸ್ಥೆಗೆ ನಷ್ಟವಾದರೂ ಪಾಲುದಾರನು ಕೊಟ್ಟ ಸಾಲದ ಮೇಲೆ ಬಡ್ಡಿ ಕೊಡಬೇಕು.
ಕಾರಣ: ಒಪ್ಪಂದ ಪತ್ರದಲ್ಲಿ ದರ ಹೇಳದಿದ್ದರೆ ಪಾಲುದಾರನ ಸಾಲಕ್ಕೆ ವಾರ್ಷಿಕ ಶೇ 6ರ ದರದಲ್ಲಿ ಬಡ್ಡಿ ಸಲ್ಲುತ್ತದೆ.

ಆಯ್ಕೆ 1: ಎರಡೂ ಸರಿ, ಕಾರಣವು ಸರಿಯಾದ ವಿವರಣೆ. 2: ಎರಡೂ ಸರಿ, ಆದರೆ ಕಾರಣವು ವಿವರಣೆ ಅಲ್ಲ. 3: ಪ್ರತಿಪಾದನೆ ಮಾತ್ರ ಸರಿ. 4: ಕಾರಣ ಮಾತ್ರ ಸರಿ.
ನಾನು 1 ಹಾಕೀನಿ, ಕೀ 2 ಅಂತದ.

ಘಟಪ್ರಭಾ_ಲೆಜರ್
ನಡುವ "ಯಾಕಂದ್ರ" ಹಾಕಿ ಓದ್ರಿ. "ನಷ್ಟ ಆದ್ರೂ ಬಡ್ಡಿ ಕೊಡಬೇಕು, ಯಾಕಂದ್ರ ಶೇ 6ರಂಗ ಬಡ್ಡಿ ಸಲ್ತೈತಿ." ಮಜಬೂತ್ ಕೂಡ್ತೈತಲ್ರಿ? ಕೀ ತಪ್ಪೈತಿ. ಇಲ್ಲಾಂದ್ರ ನಾ ಹೇಳಿದಂಗ ಡೀಡ್‌ದ ಮಾತು.

ಇಳಕಲ್_ಖಾತೆ
ಅಣ್ಣಾರ, "ಯಾಕಂದ್ರ" ಹಾಕಿದ್ರ ಒಂದೇ ವಿಷಯದ ಯಾವ ಎರಡು ವಾಕ್ಯನೂ ಕೂಡ್ತಾವು. ನಮ್ಮ ಬಾಯಿ ಅದನ್ನ ಹೊಂದಿಸಿಕೊಂಡು ಓದಿಬಿಡ್ತೈತಿ. ಪೇಪರ್ ತೆಗೆಯೋರಿಗೂ ಅದು ಗೊತ್ತೈತಿ, ಅದಕ್ಕ ಎರಡೂ ಕಡೆ "ಬಡ್ಡಿ", "ಪಾಲುದಾರನ ಸಾಲ" ಅಂತ ಅವೇ ಪದ ಇಟ್ಟಿರ್ತಾರ.

ಹಿಂಗ ಮಾಡ್ರಿ. ಕಾರಣದ ಮ್ಯಾಲೆ ಕೈ ಮುಚ್ಚಿ ಪ್ರತಿಪಾದನೆ ಅಷ್ಟೇ ಓದ್ರಿ. ಯಾವ ಪದ ತಗದ್ರ ಆ ವಾಕ್ಯದಾಗಿನ ವಾದ ಸಪ್ಪಗಾಗ್ತೈತಿ? "ನಷ್ಟವಾದರೂ". ಅದನ್ನ ತಗದ್ರ "ಸಾಲಕ್ಕ ಬಡ್ಡಿ ಕೊಡಬೇಕು" ಅಂತ ಉಳೀತೈತಿ, ಅದರಾಗ ವಿಶೇಷ ಏನಿಲ್ಲ. ಅಂದ್ರ ಪ್ರಶ್ನೆ "ಬಡ್ಡಿ ಎಷ್ಟು" ಅಂತ ಅಲ್ಲ, "ಲಾಭ ಇಲ್ದಾಗೂ ಯಾಕ" ಅಂತ. ಕೈ ತಗಿಯೂಕಿಂತ ಮೊದಲ ನಿಮ್ಮ ಉತ್ತರ ಅಂಚಿನಾಗ ಬರೀರಿ: "ಅದು ಚಾರ್ಜ್, ಅಪ್ರಾಪ್ರಿಯೇಶನ್ ಅಲ್ಲ." ಅಂದ್ರ ಲಾಭ ಇರಲಿ ಬಿಡಲಿ ಕೊಡಲೇಬೇಕಾದ ಖರ್ಚು, ಲಾಭದಾಗ ಹಂಚೂ ಪಾಲಲ್ಲ. ಈಗ ಕಾರಣ ಓದ್ರಿ. ಅದು ದರ ಹೇಳತೈತಿ. ನೀವು ಬರ್ದದ್ದಕ್ಕೂ ಅದಕ್ಕೂ ತಾಳ ಕೂಡಂಗಿಲ್ಲ.

ಆಮ್ಯಾಲೆ ಕಾರಣಾನ ಅಲ್ಲಾಡಿಸಿ ನೋಡ್ರಿ. ಲೆಕ್ಕದಾಗ ಹೇಳ್ತೀನಿ. ಇಬ್ಬರು ಪಾಲುದಾರರು, ಸಮಪಾಲು. ಒಬ್ಬಾವ ಅಕ್ಟೋಬರ್ 1ಕ್ಕ ₹1,50,000 ಸಾಲ ಕೊಟ್ಟಾನ, ವರ್ಷ ಮುಗಿಯೂದು ಮಾರ್ಚ್ 31ಕ್ಕ. ಬಡ್ಡಿ ಹಾಕೂಕಿಂತ ಮೊದಲಿನ ಲಾಭ ₹3,000. ಶೇ 6ರಂಗ ಆರು ತಿಂಗಳಿಗೆ ಬಡ್ಡಿ ₹4,500. ಬಡ್ಡಿ ಹಾಕಿದ ಮ್ಯಾಲೆ ₹1,500 ನಷ್ಟ, ತಲಾ ₹750 ಇಬ್ಬರಿಗೂ. ಈಗ ಡೀಡ್‌ನಾಗ ಶೇ 9 ಇತ್ತು ಅಂತ ತಿಳೀರಿ. ಬಡ್ಡಿ ₹6,750, ನಷ್ಟ ₹3,750. ದರ ಬದಲಾತು, ಅಂಕಿ ಬದಲಾತು, ಆದ್ರ "ನಷ್ಟ ಆದ್ರೂ ಕೊಡಬೇಕು" ಅನ್ನೂದು ಕೂತಲ್ಲೇ ಕೂತೈತಿ. ಹಂಗಾದ್ರ ದರ ಅದರ ಕಾರಣ ಅಲ್ಲ.

ಬದಲಿಗೆ ಈ ಬಡ್ಡಿ ಅಪ್ರಾಪ್ರಿಯೇಶನ್ ಅಂತ ತಿಳ್ಕೊಳ್ರಿ. ಸಿಗೂದು ಇದ್ದ ₹3,000 ಅಷ್ಟೇ, ಉಳಿದ ₹1,500 ಬರಂಗಿಲ್ಲ, ಪ್ರತಿಪಾದನೆ ಬಿದ್ದುಹೋಗ್ತೈತಿ. ಅಲ್ಲಿ ಐತಿ ನಿಜವಾದ ಕಾರಣ. ಕೀ 2 ಸರಿ ಐತಿ.

ಮುಧೋಳ_ಬೆಲ್ಲ
ನಮ್ಮ ಡೀಡ್‌ನಾಗ ಶೇ 12 ಐತಿ. ಶೇ 6 ಯಾರ ಹಾಕ್ತಾರ ಈಗ? 12ಕ್ಕಿಂತ ಜಾಸ್ತಿ ಬರದ್ರ ಕಾಯಿದೆ ಬಿಡಂಗಿಲ್ಲ. ಹಂಗಾಗಿ ಕಾರಣನೇ ತಪ್ಪು, ಉತ್ತರ 3.

ಇಳಕಲ್_ಖಾತೆ
ನೀವು ಹೇಳೂದು ಆದಾಯ ತೆರಿಗೆ ಕಾಯಿದೆಯ ಮಾತು. ಪಾಲುದಾರಗ ಕೊಟ್ಟ ಬಡ್ಡೀನ ತೆರಿಗೆ ಲೆಕ್ಕದಾಗ ಖರ್ಚು ಅಂತ ಒಪ್ಪಾಕ ಶೇ 12ರ ಮಿತಿ. ಪ್ರಶ್ನೆಯಾಗ ಇರೂದು 1932ರ ಪಾಲುದಾರಿಕೆ ಕಾಯಿದೆ. ಕಾರಣದಾಗ "ದರ ಹೇಳದಿದ್ದರೆ" ಅಂತ ಐತಿ ನೋಡ್ರಿ. ನಿಮ್ಮ ಡೀಡ್ ದರ ಹೇಳೇತಿ, ಹಂಗಾಗಿ ಅದು ನಿಮಗ ಹತ್ತಂಗಿಲ್ಲ. ವಾಕ್ಯ ಅದರಿಂದ ತಪ್ಪ ಆಗಂಗಿಲ್ಲ.

ಘಟಪ್ರಭಾ_ಲೆಜರ್
ಅಂದ್ರ ಡೀಡ್‌ದ ಮಾತು ಬಂತಲ್ರಿ ಕಡೀಕ! ಇರ್ಲಿ. ಆದ್ರ ನಷ್ಟ ಇದ್ದಾಗ ಅಪ್ರಾಪ್ರಿಯೇಶನ್ ಖಾತೆಯಾಗ ಆ ಬಡ್ಡಿ ಎಲ್ಲಿ ಕೂಡಸ್ತೀರಿ? ಎಡಕ್ಕ ಹಾಕಾಕ ಬಲಕ್ಕ ಲಾಭನೇ ಇಲ್ಲ.

ಇಳಕಲ್_ಖಾತೆ
ಅಲ್ಲಿ ಕೂಡಸೂದೇ ಇಲ್ರಿ. ಸಾಲದ ಬಡ್ಡಿ ಲಾಭ-ನಷ್ಟ ಖಾತೆಗೆ ಡೆಬಿಟ್, ಪಾಲುದಾರನ ಸಾಲದ ಖಾತೆಗೆ ಕ್ರೆಡಿಟ್. ಬಂಡವಾಳ ಖಾತೆಗೆ ಅಲ್ಲ. ಅಪ್ರಾಪ್ರಿಯೇಶನ್ ಖಾತೆಗೆ ಹೋಗೂದು ಅದಾದ ಮ್ಯಾಲೆ ಉಳಿದದ್ದು.

ಬಂಡವಾಳದ ಬಡ್ಡಿ ಜೊತಿಗೆ ಇಟ್ಟು ನೋಡಿದ್ರ ಫರಕ ಕಾಣತೈತಿ. ಸಾಲನೇ ಇಲ್ಲ, ಲಾಭ ಅದೇ ₹3,000, ಬಂಡವಾಳ ₹2,00,000 ಮತ್ತು ₹1,00,000, ಡೀಡ್‌ನಾಗ ಶೇ 8 ಬಡ್ಡಿ. ಲೆಕ್ಕದ ಪ್ರಕಾರ ₹16,000 ಮತ್ತು ₹8,000 ಆಗಬೇಕು. ಕೊಡೂದು ಇದ್ದ ₹3,000 ಅಷ್ಟೇ, ಅದೇ 2:1ರಾಗ ₹2,000 ಮತ್ತು ₹1,000. ಲಾಭ ಮುಗೀತು, ಬಡ್ಡಿನೂ ಮುಗೀತು. ಡೀಡ್‌ನಾಗ "ಇದು ಚಾರ್ಜ್" ಅಂತ ಬರ್ದಿಟ್ಟಿದ್ರ ಮಾತ್ರ ಪೂರಾ ₹24,000 ಹಾಕಿ ನಷ್ಟ ತೋರಸ್ತಾರ.

ಕುಂದಾನಗರಿ_ಕಾಮರ್ಸ್ (ಬೆಳಗಾವಿ)
ಇಳಕಲ್ ಅವರ ಲೆಕ್ಕ ಒಪ್ಪುತ್ತೇನೆ, ಆದರೆ ಕೀ ಅಷ್ಟು ಗಟ್ಟಿಯಾಗಿದೆ ಅನ್ನಿಸುವುದಿಲ್ಲ. ಪಾಲುದಾರಿಕೆ ಕಾಯಿದೆಯ 13ನೇ ಕಲಮು ತೆಗೆದು ನೋಡಿ. 13(ಸಿ)ಯಲ್ಲಿ ಬಂಡವಾಳದ ಬಡ್ಡಿಯನ್ನು ಲಾಭದಿಂದ ಮಾತ್ರ ಕೊಡಬೇಕು ಅಂತಿದೆ. ಮುಂದಿನ 13(ಡಿ)ಯಲ್ಲಿ, ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಹಣಕ್ಕೆ ಶೇ 6ರ ಬಡ್ಡಿ ಸಲ್ಲುತ್ತದೆ ಅಂತಿದೆ. ಅಲ್ಲಿ ಲಾಭದ ಷರತ್ತು ಇಲ್ಲ. ಹಾಗಾದರೆ ನಷ್ಟದಲ್ಲೂ ಕೊಡಬೇಕಾಗಿ ಬರುವುದು ಅದೇ 13(ಡಿ)ಯಿಂದಲೇ ಅಲ್ಲವೇ? "ಚಾರ್ಜ್" ಅನ್ನುವ ಪದ ನಾವು ಪಾಠದಲ್ಲಿ ಇಟ್ಟುಕೊಂಡ ಹೆಸರು, ಹಕ್ಕು ಬಂದದ್ದು ಕಲಮಿನಿಂದ. 1 ಹಾಕಿದವರನ್ನು ಪೂರ್ತಿ ತಪ್ಪು ಅನ್ನಲಾರೆ.

ಇಳಕಲ್_ಖಾತೆ
ಕಾರಣದಾಗ "13(ಡಿ) ಪ್ರಕಾರ, ಲಾಭದ ಷರತ್ತು ಇಲ್ದ, ಬಡ್ಡಿ ಸಲ್ಲುತ್ತದೆ" ಅಂತ ಇದ್ರ ನಾನೂ 1 ಹಾಕತಿದ್ದೆ. ಇಲ್ಲಿ ಬರದದ್ದು ದರ. ಕಾಗದದ ಮ್ಯಾಲೆ ಇಲ್ಲದ ಕೊಂಡೀನ ನಾವು ತಲಿಯೊಳಗಿಂದ ತಂದು ಹಚ್ಚಬಾರದು. "ಎರಡೂ ಒಂದೇ ಕಲಮಿನಾಗ ಅದಾವು" ಅನ್ನೂದು ಸಂಬಂಧ ಆತು, ವಿವರಣೆ ಆಗಲಿಲ್ಲ.

ಕುಂದಾನಗರಿ_ಕಾಮರ್ಸ್
ಕೊಂಡಿಯನ್ನು ಎಷ್ಟರ ಮಟ್ಟಿಗೆ ಓದುವವನು ತುಂಬಿಕೊಳ್ಳಬಹುದು ಅನ್ನುವುದೇ ಜಗಳ. ನಿಮ್ಮ ಅಲ್ಲಾಡಿಸುವ ಪರೀಕ್ಷೆಗೂ ಮಿತಿ ಇದೆ. "ಪಿ.ಡಿ.ಡಿ., ಅಂದರೆ ವಸೂಲಾಗದಿರಬಹುದಾದ ಬಾಕಿಗೆ ಅವಕಾಶ, ಮಾಡುತ್ತಾರೆ" ಎಂಬ ಪ್ರತಿಪಾದನೆಗೆ "ವಿವೇಚನಾ ತತ್ವದ ಪ್ರಕಾರ ಸಂಭವನೀಯ ನಷ್ಟಕ್ಕೆ ಅವಕಾಶ ಮಾಡಬೇಕು" ಎಂಬ ಕಾರಣ ಕೊಟ್ಟರು ಅನ್ನಿ. ವಿವೇಚನಾ ತತ್ವವನ್ನು ತೆಗೆದರೂ, ಈ ವರ್ಷದ ಮಾರಾಟಕ್ಕೆ ಈ ವರ್ಷದ ನಷ್ಟ ಹೊಂದಿಸಬೇಕು ಅನ್ನುವ ತತ್ವದಿಂದ ಪಿ.ಡಿ.ಡಿ. ನಿಲ್ಲುತ್ತದೆ. ಪ್ರತಿಪಾದನೆ ಬೀಳಲಿಲ್ಲ. ಹಾಗಂತ ಉತ್ತರ 2 ಆಗುತ್ತದೆಯೇ? ಅಲ್ಲಿ ಎಲ್ಲರೂ 1 ಅನ್ನುತ್ತಾರೆ.

ಇಳಕಲ್_ಖಾತೆ
ಇದನ್ನ ಒಪ್ಪತೀನಿ. ಒಂದಕ್ಕಿಂತ ಜಾಸ್ತಿ ಕಾರಣ ಇದ್ದಲ್ಲಿ ಅಲ್ಲಾಡಿಸೂದು ಮೋಸ ಮಾಡತೈತಿ. ಅಲ್ಲಿ ಕೈ ಮುಚ್ಚಿ ಬರ್ದದ್ದನ್ನ ನಂಬ್ರಿ. ಅಂಚಿನಾಗ ನೀವು ಬರಿಯಬಹುದಾದ ಎರಡು ಉತ್ತರದಾಗ ಒಂದು ಅದಾಗಿದ್ರ ಸಾಕು, ಅದೊಂದೇ ಇರಬೇಕು ಅಂತೇನಿಲ್ಲ. ದರದ ಪ್ರಶ್ನೆಯಾಗ ಶೇ 6 ಅನ್ನೂದನ್ನ ಯಾರೂ ಅಂಚಿನಾಗ ಬರಿಯಂಗಿಲ್ಲ.

ಮುಧೋಳ_ಬೆಲ್ಲ
ಅಂಚು ಯಾತಕ್ಕ? ನಂದು ಎಕ್ಸೆಲ್ ಶೀಟ್ ಐತಿ. ಪ್ರತಿಪಾದನೆ, ಕಾರಣ, ನನ್ನ ಉತ್ತರ, ಕೀ, ನಾಕು ಕಾಲಂ, ತಪ್ಪಾದ್ರ ತಾನಾಗೇ ಕೆಂಪು ಆಗ್ತೈತಿ. ಎರಡು ಸ್ಕ್ರೀನ್, ಒಂದರಾಗ ಟ್ಯಾಲಿ, ಒಂದರಾಗ ಶೀಟ್.

ಘಟಪ್ರಭಾ_ಲೆಜರ್
ಕೆಂಪು ಆದ್ರ ಯಾಕ ತಪ್ಪಾತು ಅಂತ ಶೀಟ್ ಹೇಳತೈತೇನ್ರಿ? ಐದನೇ ಕಾಲಂ ಹಾಕ್ರಿ: "ಯಾವ ಪದ ಬಿಟ್ಟೆ". ಮತ್ತ ಪರೀಕ್ಷಾ ಹಾಲ್‌ನಾಗ ಎರಡು ಸ್ಕ್ರೀನ್ ಯಾವ ಟೇಬಲ್ ಮ್ಯಾಲೆ ಇಡಾವ್ರು?

ಗುಮ್ಮಟದ_ಸದ್ದು
ಹಳೇ ಟೆಸ್ಟಿನಾಗ 1 ಹಾಕಿ ತಪ್ಪಿದ್ದು ಆರು ಪ್ರಶ್ನೆ ಅವ. ಕಾರಣ ಮುಚ್ಚಿ ಮತ್ತ ಓದಿದೆ. ಐದರಾಗ ವಾದ ನಿಂತಿರೂ ಪದ ಸಿಕ್ತು, ಉತ್ತರ 2 ಅಂತ ನನಗೇ ಬಂತು. ಒಂದು ಮಾತ್ರ ಬಗಿಹರಿಯವಲ್ದು:

ಪ್ರತಿಪಾದನೆ: ಹೊಸ ಪಾಲುದಾರನ ಪ್ರವೇಶದ ವೇಳೆ ಪುಸ್ತಕದಲ್ಲಿರುವ ಗುಡ್‌ವಿಲ್ ಅನ್ನು ಹಳೆಯ ಪಾಲುದಾರರು ಹಳೆಯ ಅನುಪಾತದಲ್ಲಿ ರೈಟ್ ಆಫ್ ಮಾಡುತ್ತಾರೆ.
ಕಾರಣ: ಎಎಸ್ 26ರ ಪ್ರಕಾರ ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನು ಆಸ್ತಿಯಾಗಿ ದಾಖಲಿಸಬಾರದು.

ಅಂಚಿನಾಗ ಎರಡು ಉತ್ತರ ಬರದೀನಿ. ರೈಟ್ ಆಫ್ ಯಾಕ ಅಂದ್ರ ಎಎಸ್ 26 ಅನ್ನೂ ಲೆಕ್ಕಪತ್ರ ಮಾನದಂಡ. ಹಳೇ ಅನುಪಾತ ಯಾಕ ಅಂದ್ರ ಅದನ್ನ ಗಳಿಸಿದವ್ರು ಹಳಬ್ರು. ಯಾವುದ್ರ ಮ್ಯಾಲೆ ಒತ್ತು ಅಂತ ಹೆಂಗ ಗೊತ್ತಾಗಬೇಕು? ಈ ಕೀ ಯಾಕೋ 2 ಅಂತದ.

ಇಳಕಲ್_ಖಾತೆ
ಪ್ರತಿಪಾದನೆಯಾಗ ಎರಡು ವಾದ ತುರುಕಿದ್ರ ಹಿಂಗೇ ಆಗೂದು. ಕಾರಣ ಅರ್ಧಕ್ಕ ಮುಟ್ಟೈತಿ, "ಹಳೆಯ ಅನುಪಾತ"ಕ್ಕ ಮುಟ್ಟಿಲ್ಲ. ಪೂರಾ ವಾಕ್ಯಕ್ಕ ವಿವರಣೆ ಬೇಕು ಅನ್ನಾವ್ರು 2 ಹಾಕ್ತಾರ, ನಾನೂ ಅದನ್ನೇ ಹಾಕತೀನಿ. ಆದ್ರ ಎಎಸ್ 26 ಅಂತ ಕಂಡಕೂಡಲೇ 1 ಅನ್ನೂ ಕೀಗಳನ್ನೂ ನೋಡೀನಿ.

ಕುಂದಾನಗರಿ_ಕಾಮರ್ಸ್
ಅಲ್ಲಿ ಬೇರೆ ಗಂಟೂ ಇದೆ. ಪುಸ್ತಕದಲ್ಲಿರುವ ಗುಡ್‌ವಿಲ್ ದುಡ್ಡು ಕೊಟ್ಟು ಕೊಂಡದ್ದು ಆಗಿದ್ದರೆ ಈ ಕಾರಣ ಅದಕ್ಕೆ ಹತ್ತುವುದೇ ಇಲ್ಲ. ಪ್ರಶ್ನೆಯಲ್ಲಿ ಅದು ಎಲ್ಲಿಂದ ಬಂತು ಅಂತ ಹೇಳಿದ್ದಾರಾ?

ಗುಮ್ಮಟದ_ಸದ್ದು
ಇಲ್ರಿ, ಇಷ್ಟೇ ಅದ.

ಘಟಪ್ರಭಾ_ಲೆಜರ್
ಡೀಡ್‌ನಾಗ ಏನೈತಿ ನೋಡ್ರಿ.