ತಟ್ಟೆ ಇಡ್ಲಿ ಅಂಗಡಿಗೆ ಹ್ಯಾಶ್‌ಟ್ಯಾಗ್: ಕನ್ನಡ ಲಿಪಿನಾ, ಇಂಗ್ಲಿಷ್ ಅಕ್ಷರನಾ?

ರೇಖಾ: ವಿಜಯನಗರದಲ್ಲಿ ನಮ್ಮದೊಂದು ಚಿಕ್ಕ ದರ್ಶಿನಿ ಇದೆ. ತಟ್ಟೆ ಇಡ್ಲಿ, ಬಿಸಿಬೇಳೆಬಾತ್ ಮಾಡ್ತೀವಿ. ಇನ್‌ಸ್ಟಾಗ್ರಾಂನಲ್ಲಿ ಹೊಸಬರ ಕಣ್ಣಿಗೆ ಬೀಳಬೇಕು ಅಂದ್ರೆ ಟ್ಯಾಗ್ ಕನ್ನಡದಲ್ಲಿ ಹಾಕೋದಾ, ಇಂಗ್ಲಿಷ್ ಅಕ್ಷರದಲ್ಲಾ? ಹಾಕಿ ನೋಡಿದವರು ಹೇಳಿ.

ಶಿವಕುಮಾರ್: ಕನ್ನಡ. ಇದರಲ್ಲಿ ಕೇಳೋದೇನಿದೆ? ನಮ್ಮ ಕೇಟರಿಂಗ್ ಪುಟದಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಕನ್ನಡಕ್ಕೆ ಬಂದ್ವಿ, ವಾಪಸ್ ಹೋಗೋ ಮಾತೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ತಿಂಡಿಗೆ ಒಂದು ಗಟ್ಟಿ ಸ್ಪೆಲಿಂಗ್ ಅಂತ ಇಲ್ಲ. #thatteidli ಒಬ್ಬರು, #tatteidli ಇನ್ನೊಬ್ಬರು, #thatteidly ಮತ್ತೊಬ್ಬರು. ಬಿಸಿಬೇಳೆಬಾತ್ ಕಥೆ ಕೇಳಲೇಬೇಡಿ: bele, bela, bath, bhath, baath, ಹೇಗೆ ಬೇಕಾದ್ರೂ ಜೋಡಿಸ್ತಾರೆ. ಒಂದೊಂದು ಸ್ಪೆಲಿಂಗಿಗೂ ಒಂದೊಂದು ಪುಟ, ನಿಮ್ಮ ಪೋಸ್ಟ್ ಅದರಲ್ಲಿ ಒಂದರಲ್ಲಿ ಮಾತ್ರ. ನಾವು ಹೇಳೋ ಹಾಗೇ #dose ಅಂತ ಹಾಕಿದ್ರೆ ಔಷಧಿ, ಇಂಜೆಕ್ಷನ್ ಫೋಟೋಗಳ ನಡುವೆ ಕೂತಿರ್ತೀರಿ. ಕನ್ನಡದಲ್ಲಿ ಆ ರಗಳೆಯೇ ಇಲ್ಲ. ಬರೆಯೋದು ಒಂದೇ ರೀತಿ, ಪೈಪೋಟಿನೂ ಕಮ್ಮಿ.

ಅನಿತಾ: ಸ್ಪೆಲಿಂಗ್ ಬಗ್ಗೆ ಶಿವಕುಮಾರ್ ಸರ್ ಹೇಳಿದ್ದು ನಿಜ. ಆದ್ರೆ "ಕನ್ನಡದಲ್ಲಿ ಬರೆಯೋದು ಒಂದೇ ರೀತಿ" ಅನ್ನೋದನ್ನ ಒಪ್ಪಲ್ಲ. ಹೋಟೆಲ್ ಪುಟಗಳನ್ನ ನೋಡಿಕೊಳ್ಳೋದೇ ನನ್ನ ಕೆಲಸ, ದಿನಾ ಇದರ ಜೊತೆಗೇ ಗುದ್ದಾಟ.

ಒಂದೇ ಪದ ಇದ್ದಾಗ ಕನ್ನಡ ಟ್ಯಾಗ್ ಚೆನ್ನಾಗಿ ಕೆಲಸ ಮಾಡುತ್ತೆ. #ಇಡ್ಲಿ, #ತಿಂಡಿ, #ಬೆಂಗಳೂರು ಇವನ್ನ ಯಾರು ಯಾವ ಕೀಬೋರ್ಡಿನಲ್ಲಿ ಹೊಡೆದ್ರೂ ಒಂದೇ. ತೊಂದರೆ ಶುರುವಾಗೋದು ಎರಡು ಪದ ಸೇರಿಸಿದಾಗ. ಟ್ಯಾಗಿನಲ್ಲಿ ಜಾಗ ಬಿಡೋ ಹಾಗಿಲ್ಲ. "ತಟ್ಟೆ ಇಡ್ಲಿ"ಯನ್ನ ಒಬ್ಬರು #ತಟ್ಟೆಇಡ್ಲಿ ಅಂತಾರೆ, ಸಂಧಿ ಮಾಡೋರು #ತಟ್ಟೆಯಿಡ್ಲಿ ಅಂತಾರೆ, ಅಡಿಗೆರೆ ಹಾಕೋರು #ತಟ್ಟೆ_ಇಡ್ಲಿ ಅಂತಾರೆ. ಮೂರೂ ಬೇರೆ ಬೇರೆ ಟ್ಯಾಗ್. ಮೊದಲ ಪದ ಅರ್ಧಾಕ್ಷರದಲ್ಲಿ ಮುಗಿದ್ರಂತೂ ಇನ್ನೂ ಕಷ್ಟ. "ಬಾತ್" ಪಕ್ಕ "ಬೆಂಗಳೂರು" ಅಂಟಿಸಿದ್ರೆ #ಬಾತ್ಬೆಂಗಳೂರು ಆಗಿ, ತ ಕೆಳಗೆ ಬ ಒತ್ತು ಬಂದು ಓದೋಕೇ ಆಗಲ್ಲ. ಅದನ್ನ ಬಿಡಿಸೋಕೆ ಕೆಲವು ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತೆ, ಕೆಲವು ಸೇರಿಸಲ್ಲ. ಆ ಅಕ್ಷರ ಇರೋದೂ ಇಲ್ಲದಿರೋದೂ ಬೇರೆ ಬೇರೆ ಟ್ಯಾಗ್ ಆಗಬಹುದು. ಕೆಲವು ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಟ್ಯಾಗ್ ಅಲ್ಲೇ ತುಂಡಾಗಿ #ಬಾತ್ ಮಾತ್ರ ಉಳಿಯುತ್ತೆ.

ಪೋಸ್ಟ್ ಹಾಕಿದ ಮೇಲೆ ಟ್ಯಾಗಿನ ಬಣ್ಣ ಎಲ್ಲಿ ತನಕ ಇದೆ ನೋಡಿ. ಕೊನೆ ಅಕ್ಷರದವರೆಗೂ ಬಣ್ಣ ಇಲ್ಲ ಅಂದ್ರೆ ನಡುವೆ ಮುರಿದಿದೆ ಅಂತ ಅರ್ಥ. ಆಮೇಲೆ ಬೇರೆಯವರ ಫೋನ್ ತಗೊಂಡು ಅದೇ ಟ್ಯಾಗನ್ನ ಕೈಯಲ್ಲೇ ಟೈಪ್ ಮಾಡಿ ಹುಡುಕಿ, ಕಾಪಿ ಮಾಡಬೇಡಿ. ನೀವು ಹಾಕಿದ ಟ್ಯಾಗಿನ ಪುಟವೇ ತೆರೆಯುತ್ತಾ ನೋಡಿ.

ಪ್ರಸನ್ನ: ಆ ಕಾಣದ ಅಕ್ಷರ ಇದೆಯೋ ಇಲ್ಲವೋ ಅಂತ ಊಹೆ ಮಾಡೋದು ಬೇಡ, ಪೈಥಾನ್‌ನ ಒಂದೇ ಸಾಲಿನಲ್ಲಿ ಗೊತ್ತಾಗುತ್ತೆ. ಟ್ಯಾಗನ್ನ ಕೋಟ್ ಒಳಗೆ ಅಂಟಿಸಿ:

```
print([hex(ord(c)) for c in "#ಬಾತ್‌ಬೆಂಗಳೂರು"])
```

ಪಟ್ಟಿಯಲ್ಲಿ 0x200c ಕಂಡ್ರೆ ಇದೆ ಅಂತ. ನಿಮ್ಮದೇ ಆರ್ಡರ್ ಪುಟ ಮಾಡಿಸೋ ಯೋಚನೆ ಇದ್ರೆ ಇನ್ನೊಂದು ವಿಷಯ. ಪೈಥಾನ್‌ನ re ನಲ್ಲಿ `#\w+` ಅಂತ ಬರೆದು ಟ್ಯಾಗ್ ಹೆಕ್ಕಿದ್ರೆ #ತಟ್ಟೆ ಅನ್ನೋದು #ತಟ ಆಗಿ ಬರುತ್ತೆ. ಒತ್ತು, ಗುಣಿತದ ಚಿಹ್ನೆಗಳನ್ನ ಅದು ಅಕ್ಷರ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಶಿವಕುಮಾರ್: ಇಡ್ಲಿ ಹಿಟ್ಟು ರುಬ್ಬೋರಿಗೆ ಪೈಥಾನ್ ಹೇಳಿಕೊಡ್ತಿದೀರಲ್ಲ ಸ್ವಾಮಿ.

ಪ್ರಸನ್ನ: ಬೇಡದೋರು ಮುಂದೆ ಹೋಗಿ. ಪೇಜ್ ಮಾಡಿಕೊಡೋ ಹುಡುಗನಿಗೆ ತೋರಿಸೋಕೆ ಆಗುತ್ತೆ ಅಂತ ಹಾಕಿದ್ದು.

ಫಯಾಜ್: ಎರಡೂ ದಂಡ. ನಮ್ಮದು ಬಿರಿಯಾನಿ, ಪಾರ್ಸಲ್ ಮಾತ್ರ. ಒಂದು ಏಜೆನ್ಸಿಗೆ ತಿಂಗಳಿಗೆ 9,000 ರೂಪಾಯಿ ಸುರಿದೆ. ಅವರು ಪ್ರತಿ ಪೋಸ್ಟಿಗೂ ಅದೇ ಟ್ಯಾಗಿನ ಗಂಟು ಅಂಟಿಸ್ತಿದ್ರು. #food, #foodie, #instafood, #bangalore. ಮಲ್ಲೇಶ್ವರದವನೂ ಕಾಣಲಿಲ್ಲ, ಬ್ರೆಜಿಲ್‌ನವನು ಲೈಕ್ ಮಾಡಿದ. ಅದು ಸಾಲದು ಅಂತ ಕನ್ನಡದಲ್ಲೊಂದು "ಬ್ರಾಂಡ್ ಟ್ಯಾಗ್" ಮಾಡಿ ಕಾರ್ಡ್ ಪ್ರಿಂಟ್ ಹಾಕಿಸಿದ್ರು. 40 ಕಾರ್ಡ್, ಒಂದಕ್ಕೆ 28 ರೂಪಾಯಿ, 1,120. ಡಿಸೈನರ್ ಹಳೇ ನುಡಿ ಫಾಂಟಿನಲ್ಲಿ ಮಾಡಿದ್ದ. ಕಾರ್ಡ್ ಮೇಲೆ ಮುತ್ತಿನಂಥ ಕನ್ನಡ, ಅದೇ ಫೈಲಿಂದ ಕಾಪಿ ಮಾಡಿ ಇನ್‌ಸ್ಟಾದಲ್ಲಿ ಹಾಕಿದ್ರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಕಾರ್ಡ್ ನೋಡಿ ಟೈಪ್ ಮಾಡಿದೋರ ಪೋಸ್ಟ್ ಒಂದೂ ನಮ್ಮ ಟ್ಯಾಗಿನಲ್ಲಿ ಕೂಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಟ್ಯಾಗ್ ಫಾಲೋ ಮಾಡೋ ಸೌಲಭ್ಯವನ್ನೇ ಇನ್‌ಸ್ಟಾಗ್ರಾಂ ತೆಗೆದು ಹಾಕ್ತು. ಇನ್ನು ಟ್ಯಾಗ್ ಯಾಕ್ರೀ ಬೇಕು?

ಅನಿತಾ: ಫಯಾಜ್ ಭಾಯ್, ನಿಮಗಾದದ್ದು ಫಾಂಟಿನ ದೋಷ, ಲಿಪಿಯದ್ದಲ್ಲ. ಹಳೇ ನುಡಿ, ಬರಹದಲ್ಲಿ ಮಾಡಿದ ಫೈಲಿನಲ್ಲಿ ಒಳಗಿರೋದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ವೇಷ ಅಷ್ಟೇ. ಟ್ಯಾಗನ್ನ ಫೋನಿನಲ್ಲಿ ಟೈಪ್ ಮಾಡಿ ಡಿಸೈನರ್‌ಗೆ ವಾಟ್ಸಾಪ್ ಮಾಡಿ, ಯೂನಿಕೋಡ್ ಫಾಂಟಿನಲ್ಲೇ ಇಡೋಕೆ ಹೇಳಬೇಕು. ಫಾಲೋ ಹೋಯ್ತು ನಿಜ, ಹುಡುಕಾಟ ಹೋಗಿಲ್ಲ.

ಗಿರೀಶ: ಎಲ್ಲರೂ ಕಾನೂನು ಮರೆತಿದೀರಿ. ಕರ್ನಾಟಕದಲ್ಲಿ 60% ಕನ್ನಡ ಕಡ್ಡಾಯ. ಹತ್ತು ಟ್ಯಾಗ್ ಹಾಕಿದ್ರೆ ಆರು ಕನ್ನಡದಲ್ಲಿ ಇರಲೇಬೇಕು, ಇಲ್ಲಾಂದ್ರೆ ದಂಡ ಬೀಳುತ್ತೆ.

ಅನಿತಾ: ಅದು ಅಂಗಡಿ ಮುಂದಿನ ನಾಮಫಲಕಕ್ಕೆ, 2024ರ ತಿದ್ದುಪಡಿ. ಟ್ಯಾಗಿಗೂ ಅದಕ್ಕೂ ಸಂಬಂಧ ಇಲ್ಲ.

ಗಿರೀಶ: ಸಂಬಂಧ ಇಲ್ಲ ಅಂತ ಹೇಳೋರಿಂದಲೇ ಈ ಊರು ಹೀಗಾಗಿದ್ದು.

ಫಯಾಜ್: ಗಿರೀಶಣ್ಣ, ನಿಮ್ಮ ಪ್ರೊಫೈಲ್ ಹೆಸರೇ ಇಂಗ್ಲಿಷಿನಲ್ಲಿದೆ.

ರೇಖಾ: ಜಗಳ ಬೇಡ ದಯವಿಟ್ಟು. ನಾನು ನಿನ್ನೆ ಹಾಕಿದ್ದು ಹೀಗಿತ್ತು: "ಬೆಳಿಗ್ಗೆ ಬಿಸಿಬಿಸಿ #thatteidliಗೆ ಬನ್ನಿ, #ವಿಜಯನಗರದಲ್ಲಿ ನಮ್ಮ ದರ್ಶಿನಿ". ಎರಡು ಟ್ಯಾಗ್ ಹುಡುಕಿದ್ರೂ ನಮ್ಮ ಪೋಸ್ಟ್ ಕಾಣಲಿಲ್ಲ. ಯಾಕೆ?

ಅನಿತಾ: ಸಿಕ್ಕಿಬಿತ್ತು ನೋಡಿ ರೇಖಾ ಮೇಡಂ. "ಗೆ", "ಅಲ್ಲಿ" ಎರಡೂ ಟ್ಯಾಗಿಗೇ ಅಂಟಿಕೊಂಡಿವೆ. ಕನ್ನಡ ಅಕ್ಷರವೂ ಟ್ಯಾಗಿನ ಒಳಗೆ ಸೇರುತ್ತಲ್ಲ, ಹಾಗಾಗಿ ನಿಮ್ಮ ಟ್ಯಾಗ್ #thatteidli ಅಲ್ಲ, #thatteidliಗೆ. ಅದನ್ನ ಹುಡುಕೋರು ಪ್ರಪಂಚದಲ್ಲಿ ಯಾರೂ ಇಲ್ಲ. #ವಿಜಯನಗರದಲ್ಲಿ ಕೂಡ ಅಷ್ಟೇ, ಅದು #ವಿಜಯನಗರ ಪುಟಕ್ಕೆ ಹೋಗಲ್ಲ. ಇಂಗ್ಲಿಷ್ ವಾಕ್ಯದಲ್ಲಿ ನಡುವೆ ಟ್ಯಾಗ್ ಇಟ್ರೂ ನಡೆಯುತ್ತೆ, ನಮಗೆ ವಿಭಕ್ತಿ ಇರೋದ್ರಿಂದ ನಡೆಯಲ್ಲ. ವಾಕ್ಯವನ್ನ ವಾಕ್ಯವಾಗಿ ಬರೆಯಿರಿ, ಟ್ಯಾಗ್‌ಗಳನ್ನ ಕೊನೆಯಲ್ಲಿ ಪ್ರತ್ಯೇಕ ಸಾಲಿನಲ್ಲಿ ಮೂಲರೂಪದಲ್ಲೇ ಇಡಿ. ಹಳೇ ಪೋಸ್ಟಿನ ಬರಹವನ್ನೂ ತಿದ್ದಬಹುದು. ಇನ್ನೊಂದು ಮಾತು: ವಿಜಯನಗರ ಅಂದ್ರೆ ಹಂಪಿ ಫೋಟೋಗಳೂ ಬರ್ತವೆ, ಜಿಲ್ಲೆಯೂ ಇದೆ. ಬಡಾವಣೆಯ ಹೆಸರನ್ನ ಟ್ಯಾಗಿಗಿಂತ ಲೊಕೇಶನ್ ಜಾಗದಲ್ಲಿ ಹಾಕೋದು ಮೇಲು.

ನಿಮ್ಮ ತಟ್ಟೆ ಇಡ್ಲಿ ಪೋಸ್ಟಿಗೆ ನಾನಾದ್ರೆ ನಾಲ್ಕು ಟ್ಯಾಗ್ ಹಾಕ್ತೀನಿ: #thatteidli #bangalorebreakfast #ಇಡ್ಲಿ #ಬೆಂಗಳೂರು. ಜೋಡಿಪದ ಇಂಗ್ಲಿಷ್ ಅಕ್ಷರದಲ್ಲಿ, ಒಂಟಿಪದ ಕನ್ನಡದಲ್ಲಿ. ಊರಿನ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ, ಆದ್ರೂ ತಿಂಡಿ ಹುಡುಕೋರ ಬೆರಳು ಇನ್ನೂ bangalore ಅಂತಲೇ ಹೊಡೆಯುತ್ತೆ, ಅದಕ್ಕೇ ಅದನ್ನ ಇಟ್ಟೆ.

ಹಾಕೋ ಮುಂಚೆ ಪ್ರತಿ ಟ್ಯಾಗನ್ನೂ ತೆರೆದು ಇತ್ತೀಚಿನ ಪೋಸ್ಟ್‌ಗಳನ್ನ ನೋಡಿ. ಒಟ್ಟು ಎಷ್ಟು ಪೋಸ್ಟ್ ಇವೆ ಅನ್ನೋದಕ್ಕಿಂತ ಯಾರದ್ದು ಅನ್ನೋದು ಮುಖ್ಯ. ಕನ್ನಡದ ತಿಂಡಿ ಟ್ಯಾಗ್‌ಗಳಲ್ಲಿ ಹೆಚ್ಚಾಗಿ ಕಾಣೋದು ಮನೆಯಲ್ಲಿ ಮಾಡೋ ವಿಧಾನದ ವಿಡಿಯೋ. ಅದನ್ನ ನೋಡೋರಿಗೆ ಬೇಕಿರೋದು ಅಕ್ಕಿ ಉದ್ದಿನ ಅಳತೆ, ನಿಮ್ಮ ಅಂಗಡಿ ವಿಳಾಸ ಅಲ್ಲ. ಹಾಗಾಗಿ #ಬಿಸಿಬೇಳೆಬಾತ್ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ.

ಶಿವಕುಮಾರ್: ಅಂದ್ರೆ ಕೊನೆಗೆ ಇಂಗ್ಲಿಷೇ ಗೆದ್ದಿತು ಅಂತೀರಾ? ನಮ್ಮ ಗಿರಾಕಿಗಳು ಮದುವೆ, ನಾಮಕರಣ ಮಾಡಿಸೋ ಮನೆಯ ಹಿರಿಯರು. ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ ಹುಡುಕ್ತಾರೆ. ಫೋನಿನಲ್ಲಿ ಕನ್ನಡ ಇಟ್ಟುಕೊಂಡಿದ್ರೆ ಅದು ಕನ್ನಡ ಲಿಪಿಯಲ್ಲೇ ಮೂಡುತ್ತೆ.

ಅನಿತಾ: ನಿಮ್ಮ ಗಿರಾಕಿಗೆ ಅದು ಸರಿ. ಇವರ ಗಿರಾಕಿ ಬೆಳಿಗ್ಗೆ ಎಂಟಕ್ಕೆ ಮೆಟ್ರೋ ಇಳಿಯೋ ಹುಡುಗ, ಅರ್ಧ ಜನಕ್ಕೆ ಕನ್ನಡ ಓದೋಕೆ ಬರದೇ ಇರಬಹುದು. ರೇಖಾ ಮೇಡಂ, ಗೂಗಲ್ ಬಿಸಿನೆಸ್ ಪ್ರೊಫೈಲ್ ಇದ್ರೆ ಅದರ ಪರ್ಫಾರ್ಮೆನ್ಸ್ ವಿಭಾಗ ತೆಗೆಯಿರಿ. ಜನ ಯಾವ ಪದ ಹೊಡೆದು ನಿಮ್ಮನ್ನ ಕಂಡ್ರು ಅಂತ, ಅವರು ಹೊಡೆದ ಲಿಪಿಯಲ್ಲೇ ತೋರಿಸುತ್ತೆ. ಇಲ್ಲಿ ನಾವು ಕೂಗಾಡೋದಕ್ಕಿಂತ ಆ ಪಟ್ಟಿ ಲೇಸು. ಹಾಗೇ ಇನ್‌ಸ್ಟಾದ ಹೆಸರಿನ ಜಾಗದಲ್ಲಿ ಅಂಗಡಿ ಹೆಸರನ್ನ ಎರಡೂ ಲಿಪಿಯಲ್ಲಿ ಬರೆಯಿರಿ, ಹುಡುಕಾಟಕ್ಕೆ ಅದೂ ಸಿಗುತ್ತೆ. ಯೋಚಿಸಿ ಬರೆಯಿರಿ, 14 ದಿನದಲ್ಲಿ ಎರಡೇ ಸಲ ಬದಲಾಯಿಸೋಕೆ ಬಿಡೋದು.

ಫಯಾಜ್: ನಾಲ್ಕು ಟ್ಯಾಗ್ ಹಾಕಿ ಜನ ಬಂದ್ರು ಅಂತ ಹೇಗೆ ಗೊತ್ತಾಗುತ್ತೆ? ನನ್ನ ಏಜೆನ್ಸಿಯೂ ಗ್ರಾಫ್ ತೋರಿಸ್ತಿತ್ತು.

ಅನಿತಾ: ಪೂರ್ತಿ ಗೊತ್ತಾಗಲ್ಲ. ಫಾಲೋ ಮಾಡದೇ ಇರೋರು ಎಷ್ಟು ಜನ ನೋಡಿದ್ರು ಅಂತ ಇನ್‌ಸೈಟ್ಸ್ ಹೇಳುತ್ತೆ, ಯಾವ ಟ್ಯಾಗಿಂದ ಬಂದ್ರು ಅಂತ ಹೇಳಲ್ಲ. ಒಂದೇ ತಿಂಡಿ, ಒಂದೇ ವೇಳೆ, ಒಂದೇ ಥರದ ವಿಡಿಯೋ ಇಟ್ಟು ಟ್ಯಾಗ್ ಮಾತ್ರ ಬದಲಾಯಿಸಿ ನೋಡಿದ್ರೆ ಅಂದಾಜು ಸಿಗುತ್ತೆ. ಒಂದು ರೀಲ್ ಸುಮ್ಮನೆ ಓಡಿಬಿಟ್ರೆ ಆ ಅಂದಾಜೂ ಕೆಡುತ್ತೆ.

ಗಿರೀಶ: ಅದಿರಲಿ, thatteidli ಅಂತ ಹಾಕೋಕೆ ನೀವು ಬಿಡದಿಯವರಾ? ತಟ್ಟೆ ಇಡ್ಲಿ ಅಂದ್ರೆ ಬಿಡದಿ.

ಶಿವಕುಮಾರ್: ತುಮಕೂರಿನವರ ಮುಂದೆ ಈ ಮಾತು ಆಡಿ ನೋಡಿ.

ಗಿರೀಶ: ಆಡ್ತೀನಿ. ಬೆಣ್ಣೆ ಹಾಕಿ ಕೊಡೋ ಇಡ್ಲಿ ಮೊದಲು ಎಲ್ಲಿತ್ತು ಹೇಳಿ.

ರೇಖಾ: ನಮ್ಮ ಅತ್ತೆ ಕುಣಿಗಲ್‌ನವರು, ಅವರನ್ನ ಇಲ್ಲಿಗೆ ಕರೆಯಲ್ಲ. ಅನಿತಾ ಅವರೇ, ನಿನ್ನೆ ಪೋಸ್ಟಿನಲ್ಲಿ "ಗೆ", "ಅಲ್ಲಿ" ತೆಗೆದೆ. ಈಗ ಟ್ಯಾಗ್ ಒತ್ತಿದ್ರೆ ಸರಿಯಾದ ಪುಟಕ್ಕೆ ಹೋಗ್ತಿದೆ. #ವಿಜಯನಗರ ತೆಗೆದು ಲೊಕೇಶನ್ ಹಾಕಿದೀನಿ, ಟ್ಯಾಗ್ ಒತ್ತಿದಾಗ ಪೂರ್ತಿ ಹಂಪಿ ರಥವೇ ಬಂತು.